ತಪ್ಪು ಮೇಸ್ತ್ರಿಯದಲ್ಲ

ಮೇಸ್ತ್ರಿಯಕ್ಕ ಅನ್ನೋದು ಮೊದಲಿಗೆ ಗೇಲಿ ಮಾಡಲು ಇಟ್ಟ ಹೆಸರು. ಹದಿನೇಳನೇ ವಯಸ್ಸಿನಿಂದ ಅವಳು ತನ್ನ ದೊಡ್ಡಕ್ಕನ ಜೊತೆ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದಳು. ಬಾಂಡ್ಲಿಯಲ್ಲಿ ಕಾಂಕ್ರೀಟು ಹೊರುವುದು, ಇಟ್ಟಿಗೆ ಎತ್ತಿಕೊಡುವುದು, ಕಟ್ಟಿದ ಗೋಡೆಗೆ ನೀರು ಹಾಕುವುದು. ಹೆಂಗಸರಿಗೆ ಇಷ್ಟೇ ಕೆಲಸ. ಕರಣೆ ಹಿಡಿಯುವವರು ಗಂಡಸರು. ಒಂದು ದಿನ ಗಾರೆ ಕಲಸಿಟ್ಟಾದ ಮೇಲೆ ಮೇಸ್ತ್ರಿ ಬರುವುದಿಲ್ಲವೆಂದು ಸುದ್ದಿ ಬಂತು. ಗಾರೆ ಗಟ್ಟಿಯಾಗುತ್ತಾ ಬಂತು, ಎಲ್ಲರೂ ಕೈಕಟ್ಟಿ ನಿಂತರು. ಇವಳು ಸೆರಗು ಸಿಕ್ಕಿಸಿಕೊಂಡು, ಕರಣೆ ಎತ್ತಿಕೊಂಡು, ಸಂಜೆಯೊಳಗೆ ಹನ್ನೊಂದು ವರಸೆ ಗೋಡೆ ಕಟ್ಟಿಬಿಟ್ಟಳು. ಮರುದಿನ ಗುತ್ತಿಗೆದಾರ ಬಂದು ತೂಕದ ಗುಂಡು ಇಳಿಬಿಟ್ಟು ನೋಡಿದ. ದಾರ ಗೋಡೆಯಿಂದ ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ.

"ಓಹೋ, ಮೇಸ್ತ್ರಿಯಕ್ಕ ಬಂದ್ಳಪ್ಪಾ!" ಅಂತ ಗಂಡಸರು ನಕ್ಕರು. ಅವಳೂ ನಕ್ಕಳು. ಆದರೆ ಆಮೇಲೆ ಕರಣೆ ವಾಪಸು ಕೊಡಲಿಲ್ಲ.

ಮೂವತ್ತು ವರ್ಷ ಹೀಗೇ ಕಳೆಯಿತು. ಮದುವೆಯಾಯಿತು, ಗಂಡ ತೀರಿಹೋದ, ಮಗಳು ಓದಿ ದೂರದ ಆಸ್ಪತ್ರೆಯೊಂದರಲ್ಲಿ ನರ್ಸ್ ಆದಳು. ಉಳಿದವರು ಅಕ್ಕ ತಂಗಿ ಇಬ್ಬರೇ. ಅಷ್ಟರಲ್ಲಿ ದೊಡ್ಡಕ್ಕ ಯಾರದೋ ಮನೆಯ ಇಕ್ಕಟ್ಟಾದ ಮೆಟ್ಟಿಲಲ್ಲಿ ಕಾಂಕ್ರೀಟು ಹೊತ್ತು ಹತ್ತುವಾಗ, ಮೇಲಿನಿಂದ ಇಳಿಯುತ್ತಿದ್ದವಳಿಗೆ ದಾರಿ ಬಿಡಲು ಹೋಗಿ ಜಾರಿ ಬಿದ್ದಿದ್ದಳು. ಸೊಂಟದ ಮೂಳೆ ಕೂಡಿತು, ನಡಿಗೆ ಕೂಡಲಿಲ್ಲ. ಅಂದಿನಿಂದ ಮೆಟ್ಟಿಲು ಹತ್ತಬೇಕೆಂದರೆ ಒಂದು ಕೈ ಕಂಬಿಯ ಮೇಲೆ, ಇನ್ನೊಂದು ಕೈ ಪಕ್ಕದಲ್ಲಿ ನಡೆಯುವವರ ಹೆಗಲ ಮೇಲೆ.

ಊರಂಚಿನ ಬಡಾವಣೆಯಲ್ಲಿ ಪುಟ್ಟ ಸೈಟು ಕೊಂಡು ಮನೆ ಕಟ್ಟಲು ನಿಂತಾಗ, ದೊಡ್ಡಕ್ಕನನ್ನು ಕೆಳಗಿನ ಕೋಣೆಯಲ್ಲಿ ಇರಿಸುವುದೆಂದು ಮೇಸ್ತ್ರಿಯಕ್ಕ ಅಂದುಕೊಂಡಿದ್ದಳು. ದೊಡ್ಡಕ್ಕ ಕೇಳಿ ಉರಿದುಬಿದ್ದಳು.

"ಇಡೀ ಜನ್ಮ ಬೇರೆಯವರಿಗೆ ಮಹಡಿ ಮೇಲೆ ಮಹಡಿ ಹೊತ್ತು ಕೊಟ್ಟೆ. ನನ್ನ ಮನೇಲಿ ನಾನು ನೆಲಕ್ಕೇ ಅಂಟ್ಕೊಂಡಿರಬೇಕೇನೇ? ನಂಗೆ ಮೇಲಿನ ಕೋಣೆ ಬೇಕು. ಕಿಟಕಿ ದೊಡ್ಡದಿರಲಿ."

ನಕ್ಷೆ ಮಂಜೂರಾಗಿತ್ತು. ಅದರಲ್ಲಿ ಮೆಟ್ಟಿಲಿನ ಅಗಲ ಎಂಬತ್ತು ಸೆಂಟಿಮೀಟರು. ಬದಿಯ ಹೊರಗೋಡೆಗೆ ಒತ್ತಿಕೊಂಡು ನೇರ ಮೇಲೇರುವ ಮೆಟ್ಟಿಲು. ಎಂಬತ್ತರಲ್ಲಿ ಒಬ್ಬರು ಹತ್ತಬಹುದು, ಇನ್ನೊಬ್ಬರು ಹೆಗಲು ಕೊಡಲು ಆಗದು. ಒಳಗಿನ ಕೋಣೆ ಕಡಿಮೆ ಮಾಡೋಣವೆಂದರೆ ಅದು ಮೊದಲೇ ಬೆಂಕಿಪೊಟ್ಟಣ. ನಕ್ಷೆ ಬರೆದ ಇಂಜಿನಿಯರನ್ನು ಹೋಗಿ ಕೇಳಿದಳು.

"ಬದಲಾಯಿಸಬೇಕು ಅಂದ್ರೆ ಪರಿಷ್ಕೃತ ನಕ್ಷೆ ಹಾಕ್ಬೇಕು, ಅಕ್ಕ. ಮೂರು ತಿಂಗಳು ಹಿಡಿಯುತ್ತೆ. ಅಲ್ಲಿಯವರೆಗೂ ಕೆಲಸ ನಿಲ್ಲಿಸಿ," ಅಂದ ಅವನು.

ಅಡಿಪಾಯ ತೆಗೆದಾಗಿತ್ತು. ಬಾಡಿಗೆ ಮನೆ ಬಿಡುವ ದಿನ ಗೊತ್ತಾಗಿತ್ತು. ಅವಳು ಒಂದು ಸಂಜೆ ಪೂರ್ತಿ ಅಡಿಪಾಯದ ಪಕ್ಕ ಕೂತು ಲೆಕ್ಕ ಹಾಕಿದಳು. ಮರುದಿನ ಬೆಳಿಗ್ಗೆ ಹೊರಗೋಡೆಯ ದಾರವನ್ನು ಹನ್ನೆರಡು ಸೆಂಟಿಮೀಟರು ಆಚೆಗೆ ಎಳೆದು ಗೂಟ ಹೊಡೆದಳು. ಬದಿಯಲ್ಲಿ ಖಾಲಿ ಬಿಡಬೇಕಾದ ಒಂದೂವರೆ ಮೀಟರು ಜಾಗದಲ್ಲಿ ಅಷ್ಟು ಕಮ್ಮಿಯಾಗುತ್ತದೆ ಅನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಹೊಡೆದಳು.

ಮನೆ ಮುಗಿಯಿತು. ಕಾಯಂ ನೀರಿನ ಸಂಪರ್ಕ ಬೇಕಾದರೆ ಯೋಜನಾ ಪ್ರಾಧಿಕಾರದಿಂದ ಪೂರ್ಣತಾ ಪ್ರಮಾಣಪತ್ರ ಬೇಕು. ಅದಕ್ಕೆ ಅರ್ಜಿ ಹಾಕಿದ ಎರಡನೇ ವಾರ ಪ್ರಾಧಿಕಾರದ ಸಹಾಯಕ ಬಂದ. ಇನ್ನೂ ಚಿಕ್ಕ ವಯಸ್ಸಿನವನು, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಟೇಪು. ಮೇಸ್ತ್ರಿಯಕ್ಕ ಕೆಲಸಕ್ಕೆ ಹೋಗಿದ್ದಳು. ದೊಡ್ಡಕ್ಕ ಮೇಲಿನ ಕಿಟಕಿಯಿಂದ ನೋಡುತ್ತಿದ್ದಂತೆ ಅವನು ಬದಿಯ ಓಣಿಯಲ್ಲಿ ಟೇಪು ಹಿಡಿದ, ಏನೋ ಗೀಚಿಕೊಂಡ, ಹೋದ. ನೋಟೀಸು ಅಂಚೆಯಲ್ಲಿ ಬಂತು. ಬದಿಯ ಖಾಲಿ ಜಾಗದಲ್ಲಿ ಇಪ್ಪತ್ತನಾಲ್ಕು ಸೆಂಟಿಮೀಟರು ಉಲ್ಲಂಘನೆಯಾಗಿದೆ. ಇದು ಶೇಕಡ ಹದಿನಾರು. ಶೇಕಡ ಹತ್ತಕ್ಕಿಂತ ಹೆಚ್ಚಿನದನ್ನು ಸಕ್ರಮ ಮಾಡಲು ನಿಯಮದಲ್ಲಿ ಅವಕಾಶವಿಲ್ಲ. ಆ ಭಾಗವನ್ನು ಯಾಕೆ ತೆರವು ಮಾಡಿಸಬಾರದು ಎಂದು ಹದಿನೈದು ದಿನದೊಳಗೆ ತಿಳಿಸಬೇಕು.

ಅವಳು ಎರಡು ಸಲ ಓದಿದಳು. "ಇಪ್ಪತ್ತನಾಲ್ಕು ಎಲ್ಲಿಂದ ಬಂತು? ನಾನು ತಗೊಂಡಿದ್ದು ಹನ್ನೆರಡು."

"ಸರ್ಕಾರದ ಲೆಕ್ಕದಲ್ಲಿ ತಪ್ಪೂ ಮರಿ ಹಾಕುತ್ತೆ," ಅಂದಳು ದೊಡ್ಡಕ್ಕ.

ಮೇಸ್ತ್ರಿಯಕ್ಕ ಟೇಪು ಹಿಡಿದು ಓಣಿಗೆ ಇಳಿದಳು. ಮನೆಯ ಗೋಡೆಯಿಂದ ಕಾಂಪೌಂಡಿನ ಒಳಮುಖಕ್ಕೆ ನೂರ ಇಪ್ಪತ್ತಾರು. ಆಗ ಹೊಳೆಯಿತು. ಕಾಂಪೌಂಡು ಹತ್ತು ಸೆಂಟಿಮೀಟರಿನ ಬ್ಲಾಕು, ಎರಡೂ ಕಡೆ ಒಂದೊಂದು ಸೆಂಟಿಮೀಟರು ಗಿಲಾವು. ಒಟ್ಟು ಹನ್ನೆರಡು. ಅದಷ್ಟೂ ಅವಳ ಸೈಟಿನ ಒಳಗೇ ಇದೆ, ಅವಳೇ ಕಟ್ಟಿದ್ದು. ಖಾಲಿ ಜಾಗವನ್ನು ಅಳೆಯಬೇಕಾದ್ದು ಸೈಟಿನ ಗಡಿಯಿಂದ. ಹುಡುಗ ಕಾಂಪೌಂಡಿನಿಂದ ಅಳೆದಿದ್ದ. ಹನ್ನೆರಡು ಅಂದರೆ ಶೇಕಡ ಎಂಟು. ಸಕ್ರಮಕ್ಕೆ ಅರ್ಜಿ ಹಾಕಬಹುದು.

ಇಂಜಿನಿಯರು ಈಗಿರುವ ಸ್ಥಿತಿಯ ನಕ್ಷೆ ಬರೆದುಕೊಟ್ಟ. ಮಂಜೂರಾದ ಗೆರೆ ಕಪ್ಪು, ಹೆಚ್ಚಾಗಿ ಹೋದ ಪಟ್ಟಿ ಕೆಂಪು. ಮಂಜೂರಾದ ನಕ್ಷೆಯ ಪ್ರತಿ, ಕ್ರಯಪತ್ರ, ತೆರಿಗೆ ರಸೀದಿ, ಪಕ್ಕದ ಮನೆಯವರ ಒಪ್ಪಿಗೆ ಪತ್ರ, ನಾಲ್ಕು ಕಡೆಯ ಫೋಟೋ ಎಲ್ಲ ಜೋಡಿಸಿದ. "ವಿವರಣೆ ಕಾಗದ ಮಾತ್ರ ಕಚೇರಿ ಎದುರಿಗಿರೋ ಟೈಪಿಸ್ಟ್ ಹತ್ರ ಮಾಡಿಸ್ಕೊಳ್ಳಿ. ಅವರ ಹತ್ರ ನಮೂನೆ ಇದೆ," ಅಂದ.

ಟೈಪಿಸ್ಟು ಪ್ರಾಧಿಕಾರದ ಎದುರಿನ ತಗಡಿನ ಅಂಗಡಿಯಲ್ಲಿ ಇಪ್ಪತ್ತು ವರ್ಷದಿಂದ ಕೂತವನು. ಒಳಗಿನ ಕಡತಗಳಲ್ಲಿ ಅರ್ಧ ಅವನ ಬೆರಳಿನಿಂದಲೇ ಹುಟ್ಟಿದವು. ಅವನು ವಿಷಯ ಕೂಡ ಪೂರ್ತಿ ಕೇಳಲಿಲ್ಲ. ಕಂಪ್ಯೂಟರಿನಲ್ಲಿ ಹಳೆಯ ಕಾಗದ ತೆರೆದು ಹೆಸರು ಬದಲಾಯಿಸಿ ಅಚ್ಚು ಹಾಕಿ ಕೊಟ್ಟ.

ಅವಳು ಓದಿದಳು. "'ಮೇಸ್ತ್ರಿಯ ಅಜಾಗರೂಕತೆಯಿಂದ ಹಾಗೂ ನನ್ನ ತಿಳಿವಳಿಕೆಯ ಕೊರತೆಯಿಂದ ಈ ತಪ್ಪು ಸಂಭವಿಸಿರುತ್ತದೆ...' ಏನ್ರೀ ಇದು?"

"ಎಲ್ಲರೂ ಬರೆಯೋದೇ ಇದು ಕಣಮ್ಮ."

"ಯಾವ ಮೇಸ್ತ್ರಿ?"

"ಯಾವ ಮೇಸ್ತ್ರಿಯಾದ್ರೇನು? ಮೇಸ್ತ್ರಿ ಏನು ಬಂದು ಕೇಳ್ತಾನಾ?"

"ಬಂದಿದಾಳೆ," ಅಂದಳು. "ಎದುರಿಗೇ ನಿಂತಿದಾಳೆ."

ಟೈಪಿಸ್ಟು ಅವಳ ಮುಖ ನೋಡಿದ, ಆಮೇಲೆ ಕೈ ನೋಡಿದ. ಸಿಮೆಂಟು ತಿಂದು ಸೀಳಿದ ಬೆರಳ ತುದಿಗಳು. ಅವನ ದನಿ ಸ್ವಲ್ಪ ತಗ್ಗಿತು. "ನೋಡಮ್ಮ, ಹಾವೂ ಸಾಯಬಾರದು, ಕೋಲೂ ಮುರೀಬಾರದು. ತಪ್ಪಾಯ್ತು ಅಂದ್ರೆ ಸಾಹೇಬರಿಗೆ ಸಮಾಧಾನ. ಗೊತ್ತಿದ್ದೇ ಮಾಡಿದೆ ಅಂದ್ರೆ ಸಿಟ್ಟು ಬರುತ್ತೆ."

"ಅಂದ್ರೆ ಮೂವತ್ತು ವರ್ಷ ನಾನು ಕಟ್ಟಿದ ಗೋಡೆಗಳೆಲ್ಲ ಡೊಂಕಿಲ್ಲ, ನನ್ನ ಮನೆಗೆ ಬಂದ ಕೂಡಲೇ ಡೊಂಕಾಯ್ತು ಅಂತ ನಾನೇ ಬರ್ಕೊಡ್ಬೇಕು! ಜೊತೆಗೆ ಇದರಲ್ಲಿರೋದೆಲ್ಲ ನಿಜ ಅಂತ ನೋಟರಿ ಮುಂದೆ ಪ್ರಮಾಣ ಬೇರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೀವು ಬರೆಯಲಾರದೆ ಮೇಸ್ತ್ರಿ ಡೊಂಕು ಅಂತೀರಿ. ಹರಿದು ಹಾಕಿ. ನಾನು ಹೇಳಿದ ಹಾಗೆ ಹೊಡೀರಿ."

ಅವನು ಗೊಣಗುತ್ತಲೇ ಹೊಡೆದ. ಅವಳು ನಿಂತುಕೊಂಡೇ ಹೇಳಿದಳು:

"ಈ ಮನೆಯನ್ನು ಕಟ್ಟಿದ ಮೇಸ್ತ್ರಿ ನಾನೇ. ಮಂಜೂರಾದ ನಕ್ಷೆಯಂತೆ ಮೆಟ್ಟಿಲು ಕಟ್ಟಿದ್ದರೆ ಸೊಂಟ ಮುರಿದ ನನ್ನ ಅಕ್ಕನಿಗೆ ಪಕ್ಕದಲ್ಲಿ ಒಬ್ಬರು ಹೆಗಲು ಕೊಟ್ಟು ಹತ್ತಿಸಲು ಆಗುತ್ತಿರಲಿಲ್ಲ. ಆದ್ದರಿಂದ ಮೆಟ್ಟಿಲನ್ನು ಹನ್ನೆರಡು ಸೆಂಟಿಮೀಟರು ಹೆಚ್ಚು ಅಗಲ ಮಾಡಿದ್ದೇನೆ. ಹೊರಗೋಡೆ ಅಷ್ಟು ಆಚೆ ಹೋಗಿದೆ. ಇದು ಅಜಾಗರೂಕತೆಯಲ್ಲ, ಗೊತ್ತಿದ್ದೇ ಮಾಡಿದ್ದು. ಮೊದಲೇ ಅನುಮತಿ ಪಡೆಯದಿದ್ದುದು ನನ್ನ ತಪ್ಪು. ಗೋಡೆಯ ಕೆಲಸದಲ್ಲಿ ತಪ್ಪಿಲ್ಲ. ನೋಟೀಸಿನ ಅಳತೆ ಕಾಂಪೌಂಡಿನಿಂದ ತೆಗೆದದ್ದು. ಗಡಿಕಲ್ಲಿನಿಂದ ಮತ್ತೆ ಅಳೆದು, ನಿಯಮದಂತೆ ಸಕ್ರಮ ಮಾಡಬೇಕೆಂದು ಕೇಳುತ್ತೇನೆ."

"'ಪ್ರಾರ್ಥಿಸುತ್ತೇನೆ' ಅಂತ ಹಾಕ್ಲಾ?" ಅಂದ ಟೈಪಿಸ್ಟು.

"ಕೇಳುತ್ತೇನೆ ಅಂತಾನೇ ಇರಲಿ."

ಪರಿಶೀಲನಾ ಶುಲ್ಕವನ್ನು ಬ್ಯಾಂಕಿನಲ್ಲಿ ಚಲನ್ ಮೂಲಕ ಕಟ್ಟಿದಳು. ಮರುದಿನ ಬೆಳಿಗ್ಗೆ ಸ್ವೀಕೃತಿ ಕೌಂಟರಿನಲ್ಲಿ ಅರ್ಜಿ ಕೊಟ್ಟಾಗ ಗುಮಾಸ್ತ ಹಾಳೆ ಮಗುಚಿ ನೋಡಿ, ಕಂಪ್ಯೂಟರ್ ನೋಡಿ, ಅರ್ಜಿಯನ್ನು ಕಿಂಡಿಯಿಂದ ವಾಪಸು ತಳ್ಳಿದ.

"ನಿಮ್ಮ ದುಡ್ಡು ನಮ್ಮಲ್ಲಿ ತೋರಿಸ್ತಿಲ್ಲ. ತೋರಿಸಿದ ಮೇಲೆ ಬನ್ನಿ."

"ಯಾವಾಗ ತೋರಿಸುತ್ತೆ?"

"ಎರಡು ದಿನ ಆಗ್ಬಹುದು, ವಾರ ಆಗ್ಬಹುದು."

ನೋಟೀಸಿನ ಹದಿನೈದು ದಿನದಲ್ಲಿ ಹದಿಮೂರು ಮುಗಿದಿತ್ತು. ಅವಳು ಚಲನ್ ಕಿಂಡಿಯ ಮುಂದೆ ಹಿಡಿದಳು. ಬ್ಯಾಂಕಿನ ಮೊಹರು, ಸಹಿ, ತಾರೀಕು, ಸಂಖ್ಯೆ.

"ನಾನು ಕಟ್ಟಿದ್ದಕ್ಕೆ ಇದು ಸಾಕ್ಷಿ. ನಿಮ್ಮ ಪೆಟ್ಟಿಗೆಯೊಳಗೆ ಕಾಣಿಸ್ಕೊಳ್ಳೋದು ಬ್ಯಾಂಕಿಗೂ ನಿಮಗೂ ಬಿಟ್ಟದ್ದು, ಸಾರ್. ಅರ್ಜಿ ತಗೊಂಡು ಸ್ವೀಕೃತಿ ಕೊಡಿ."

"ಸರಿ, ಚಲನ್ ಒರಿಜಿನಲ್ ಇಟ್ಟು ಹೋಗಿ. ನೋಡೋಣ."

ಇದರ ಬಗ್ಗೆ ಇಂಜಿನಿಯರು ಮೊದಲೇ ಎಚ್ಚರಿಸಿದ್ದ. ಕೈಬಿಟ್ಟ ಮೂಲಪ್ರತಿಯನ್ನು ಮತ್ತೆ ಹುಡುಕಲು ಇನ್ನೊಂದು ಅರ್ಜಿ ಬೇಕಾಗುತ್ತದೆ. "ನಿಮ್ಮ ಕಚೇರಿ ಪ್ರತಿ ಅರ್ಜಿಯ ಜೊತೆಗೇ ಇದೆ, ಬ್ಯಾಂಕೇ ಕೊಟ್ಟದ್ದು. ಇದು ಕಟ್ಟಿದವರ ಪ್ರತಿ, ನನ್ನದು. ಬೇಕಾದ್ರೆ ನೋಡಿ, ಇದರ ಜೆರಾಕ್ಸ್ ತಂದಿದೀನಿ, ಅದರ ಮೇಲೆ 'ಮೂಲ ನೋಡಿದೆ' ಅಂತ ಬರೆದು ಸಹಿ ಹಾಕಿ."

"ಇಷ್ಟೆಲ್ಲ ಕಾನೂನು ಯಾರಮ್ಮ ಹೇಳ್ಕೊಟ್ಟಿದ್ದು? ಪಕ್ಕಕ್ಕೆ ಬನ್ನಿ, ಹಿಂದೆ ಜನ ಇದಾರೆ."

ಅವಳು ಪಕ್ಕಕ್ಕೆ ಬಂದಳು. ಆದರೆ ಹೋಗಲಿಲ್ಲ. ಕೌಂಟರಿನ ಅಂಚಿಗೆ ಕೈಯಿಟ್ಟು ನಿಂತಳು. ದಿನವಿಡೀ ಸಾರುವೆ ಮೇಲೆ ನಿಂತು ಅಭ್ಯಾಸವಿದ್ದ ಕಾಲುಗಳು. ಒಬ್ಬೊಬ್ಬರು ಬಂದು ಹೋದಾಗಲೂ ಗುಮಾಸ್ತ ತಲೆಯೆತ್ತಿದರೆ ಅವಳೇ ಕಾಣುತ್ತಿದ್ದಳು. ಹನ್ನೆರಡಾಯಿತು. ಒಂದಾಯಿತು. ಸಾಲಿನಲ್ಲಿದ್ದ ಮುದುಕರೊಬ್ಬರು, "ಕೊಟ್ಟುಬಿಡಪ್ಪ, ಆಯಮ್ಮ ಹೋಗೋ ಪೈಕಿ ಅಲ್ಲ," ಅಂದರು. ಸಾಲಿನಲ್ಲಿ ನಗು ಎದ್ದಿತು. ಊಟಕ್ಕೆ ಏಳುವ ಮುಂಚೆ ಗುಮಾಸ್ತ ಕೈ ಚಾಚಿದ. ಹಾಳೆಗಳನ್ನು ಎಣಿಸಿದ, ಜೆರಾಕ್ಸ್ ಮೇಲೆ ಸಹಿ ಹಾಕಿದ, ಮೊಹರು ಗುದ್ದಿದ. ಆ ಗುದ್ದಿಗೆ ಪೆನ್ನಿನ ಡಬ್ಬಿ ಕುಣಿಯಿತು.

ಮರುಪರಿಶೀಲನೆಗೆ ಅದೇ ಸಹಾಯಕ ಬಂದ. ಈ ಸಲ ಅವಳು ಕೆಲಸಕ್ಕೆ ಹೋಗಿರಲಿಲ್ಲ. ಮುಂಜಾನೆಯೇ ಕಾಂಪೌಂಡಿನ ಎರಡು ಮೂಲೆಗಳಲ್ಲಿ ಹೊರಗಡೆಯಿಂದ ಮಣ್ಣು ಕೆದಕಿ ಗಡಿಕಲ್ಲುಗಳನ್ನು ತೊಳೆದಿಟ್ಟಿದ್ದಳು. ಕಾಂಪೌಂಡಿನ ಹೊರಮುಖ ಎರಡೂ ಕಲ್ಲಿನ ಗುರುತಿಗೆ ಸರಿಯಾಗಿ ಕೂತಿತ್ತು.

"ಕಾಂಪೌಂಡಿನಿಂದ ಅಳೆಯೋದೇ ರೂಢಿ ಅಮ್ಮ," ಅಂದ ಅವನು.

"ರೂಢಿ ಬೇರೆ, ನಿಯಮ ಬೇರೆ. ನೀವೇ ಮಂಜೂರು ಮಾಡಿದ ನಕ್ಷೆ ನೋಡಿ ಸಾರ್. ಒಂದೂವರೆ ಮೀಟರಿನ ಬಾಣ ಎಲ್ಲಿಂದ ಶುರುವಾಗಿದೆ? ಸೈಟಿನ ಗಡಿಯಿಂದ. ನಾನು ಕಾಂಪೌಂಡೇ ಕಟ್ಟಿರದಿದ್ರೆ ಎಲ್ಲಿಂದ ಅಳೀತಿದ್ರಿ?"

ಅವನು ನಕ್ಷೆ ನೋಡಿದ. ಬಾಣದ ಮೇಲೆ ಬೆರಳಿಟ್ಟು ಗಡಿಯವರೆಗೂ ಎಳೆದ. ಕಿವಿ ಕೆಂಪಾಯಿತು. ಮೇಲಿನ ಕಿಟಕಿಯಿಂದ ದೊಡ್ಡಕ್ಕ ಕೂಗಿದಳು: "ಸಾರ್, ಹೋದ್ಸಲ ನೀವು ಒಬ್ಬರೇ ಅಳೆದ್ರಿ. ಟೇಪಿನ ಆ ತುದಿ ಹಿಡಿಯೋಕೆ ಯಾರೂ ಇರಲಿಲ್ಲ. ಈಗ ನನ್ನ ತಂಗಿ ಹಿಡೀತಾಳೆ ಬಿಡಿ!"

ಇಬ್ಬರೂ ಸೇರಿ ಕಲ್ಲಿನಿಂದ ಕಲ್ಲಿಗೆ ದಾರ ಕಟ್ಟಿದರು. ದಾರದಿಂದ ಗೋಡೆಗೆ ಮುಂದೆ, ನಡುವೆ, ಹಿಂದೆ, ಮೂರು ಕಡೆ ಅಳೆದರು. ಮೂರೂ ಕಡೆ ನೂರ ಮೂವತ್ತೆಂಟು. ಸಹಾಯಕ ಟೇಪನ್ನು ಒಂದು ಕ್ಷಣ ಹಾಗೇ ಹಿಡಿದುಕೊಂಡ.

"ಮೂರು ಕಡೇನೂ ಒಂದೇ ಬಂತಲ್ಲ," ಅಂದ, ತನಗೇ ಹೇಳಿಕೊಂಡ ಹಾಗೆ.

"ಬರದೆ?"

ಸ್ಥಳ ತನಿಖೆಯ ವರದಿಗೆ ಸಹಿ ಕೇಳಿದಾಗ ಅವಳು ಅಂಕಿಯ ಜಾಗ ನೋಡಿದಳು. ಪೆನ್ಸಿಲಿನಲ್ಲಿತ್ತು. "ಪೆನ್ನಲ್ಲಿ ಬರೀರಿ. ಅಕ್ಷರದಲ್ಲೂ ಬರೀರಿ." ಬರೆದ. ಆಮೇಲೇ ಸಹಿ ಹಾಕಿದಳು.

ಇಪ್ಪತ್ತು ದಿನದ ನಂತರ ವಿಚಾರಣೆಗೆ ಕರೆ ಬಂತು. ಯೋಜನಾಧಿಕಾರಿ ಒಬ್ಬ ಹೆಂಗಸು. ನರೆಗೂದಲು, ದಪ್ಪ ಕನ್ನಡಕ, ಮೇಜಿನ ಮೇಲೆ ಕಡತಗಳ ಗುಡ್ಡೆ. ಸಹಾಯಕ ಗೋಡೆಗೆ ಒರಗಿ ನಿಂತಿದ್ದ. ಅಧಿಕಾರಿ ವಿವರಣೆಯ ಕಾಗದವನ್ನು ಕೊನೆಯವರೆಗೂ ಓದಿದರು.

"ಹನ್ನೊಂದು ವರ್ಷದಲ್ಲಿ ಹೀಗೆ ಬರೆದಿದ್ದನ್ನ ನಾನು ನೋಡಿಲ್ಲ. ಗೊತ್ತಿದ್ದೇ ಮಾಡಿದ್ರಾ?"

"ಹೌದು ಮೇಡಂ."

"ಬದಿಯಲ್ಲಿ ಜಾಗ ಬಿಡಿ ಅನ್ನೋದು ನಮ್ಮ ಚಪಲಕ್ಕಲ್ಲ. ಗಾಳಿ ಬೆಳಕು ನಿಮಗೊಬ್ಬರಿಗೇ ಅಲ್ಲ, ಪಕ್ಕದವರಿಗೂ ಬೇಕು. ಬೆಂಕಿ ಬಿದ್ರೆ ಜನ ಓಡಾಡಬೇಕು. ಎಲ್ಲರೂ ಹನ್ನೆರಡು, ಹನ್ನೆರಡು ಅಂತ ತಗೊಂಡ್ರೆ?"

"ಗೊತ್ತು ಮೇಡಂ. ಅದಕ್ಕೇ ಶೇಕಡ ಹತ್ತರೊಳಗೆ ನಿಲ್ಲಿಸಿದ್ದು. ಪಕ್ಕದ ಮನೆಯವರು ತಕರಾರಿಲ್ಲ ಅಂತ ಬರೆದುಕೊಟ್ಟಿದಾರೆ, ಕಡತದಲ್ಲಿದೆ. ಅನುಮತಿ ಕೇಳದೆ ಮಾಡಿದ್ದು ತಪ್ಪು, ಅದನ್ನೂ ಬರೆದಿದೀನಿ. ಆ ತಪ್ಪಿಗೆ ನಿಯಮ ಏನು ಹೇಳುತ್ತೋ ಹಾಕಿ. ಮಾಡದ ತಪ್ಪನ್ನ ಮಾತ್ರ ಒಪ್ಕೊಳ್ಳಲ್ಲ."

ಅಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹಾಗಾದ್ರೆ ಕೇಳಿ. ಅಳತೆ ನಿಮ್ಮದೇ ಸರಿ. ಶೇಕಡ ಎಂಟು, ಸಕ್ರಮ ಮಾಡಬಹುದು. ಶುಲ್ಕ ಮಾತ್ರ ಒಂದೇ ದರ ಅಲ್ಲ. ಗೊತ್ತಿಲ್ಲದೆ ಆದದ್ದಕ್ಕೆ ಮೂಲ ದರ. ಗೊತ್ತಿದ್ದು ಮಾಡಿದ್ದಕ್ಕೆ ಎರಡು ಪಟ್ಟಿನವರೆಗೂ ನಾನು ಹಾಕಬಹುದು."

ಗೋಡೆ ಪಕ್ಕದ ಸಹಾಯಕನಿಗೆ ತಡೆಯಲಾಗಲಿಲ್ಲ. ಬಗ್ಗಿ ಮೆಲ್ಲಗೆ ಅಂದ: "ಅಮ್ಮ, ಹೊರಗೆ ಟೈಪಿಸ್ಟ್ ಇದಾನೆ. ಬೇರೆ ಕಾಗದ ತಂದುಕೊಡಿ. ಹತ್ತು ನಿಮಿಷದ ಕೆಲಸ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಅದು ಅವಳಿಗೂ ತಿಳಿಯಿತು. ಬಾಗಿಲ ಆಚೆ ಕಾಣುತ್ತಿದ್ದ ತಗಡಿನ ಅಂಗಡಿಯನ್ನು ಒಂದು ಸಲ ನೋಡಿದಳು. ಆಸೆ ಆಗಲಿಲ್ಲ ಅಂದರೆ ಸುಳ್ಳು. ಎಷ್ಟು ದಿನದ ಕೂಲಿ ಉಳಿಯುತ್ತದೆ ಅನ್ನುವುದು ತಲೆಯಲ್ಲಿ ಥಟ್ಟನೆ ಬಂದು ಹೋಯಿತು.

"ಬೇಡ ಸಾರ್. ಮೇಡಂ, ಜಾಸ್ತಿ ದರಾನೇ ಹಾಕಿ."

ಅಧಿಕಾರಿ ಸಹಾಯಕನನ್ನು ಸುಮ್ಮನೆ ದಿಟ್ಟಿಸಿದರು. ಅವನು ನೆಲ ನೋಡಿದ. ಒಂದೂವರೆ ಪಟ್ಟು ಬರೆದರು. ಎರಡು ಪಟ್ಟು ಯಾಕೆ ಹಾಕಲಿಲ್ಲ ಅಂತ ಇವಳೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಬೇಡಿಕೆ ಪತ್ರ ಹಿಡಿದು ಬ್ಯಾಂಕಿಗೆ ಹೋದಳು, ಕಟ್ಟಿದಳು, ಚಲನ್ ತಂದು ಕೌಂಟರಿನಲ್ಲಿ ತೋರಿಸಿದಳು. ಗುಮಾಸ್ತ ಮೂಲಪ್ರತಿ ಕೇಳಲಿಲ್ಲ. ಕೇಳದೆಯೇ 'ಮೂಲ ನೋಡಿದೆ' ಅಂತ ಬರೆದು ಸಹಿ ಹಾಕಿದ.

ಸಕ್ರಮದ ಆದೇಶ ರಿಜಿಸ್ಟರ್ಡ್ ಅಂಚೆಯಲ್ಲಿ ಬಂತು. ಜೊತೆಗೆ ಪರಿಷ್ಕೃತ ನಕ್ಷೆ. ಕೆಂಪು ಪಟ್ಟಿಯ ಮೇಲೆ ದುಂಡು ಮೊಹರು. ದೊಡ್ಡಕ್ಕ ಕನ್ನಡಕ ಏರಿಸಿ ಆದೇಶವನ್ನು ಗಟ್ಟಿಯಾಗಿ ಓದಿದಳು. ತೆರವು ನೋಟೀಸು ರದ್ದಾಗಿದೆ, ಪೂರ್ಣತಾ ಪ್ರಮಾಣಪತ್ರಕ್ಕೆ ಕ್ರಮ ಜರುಗಿಸಲಾಗುವುದು. ಓದುತ್ತಾ ಓದುತ್ತಾ ಮೊದಲ ಪುಟಕ್ಕೆ ಮರಳಿ ನಿಂತಳು.

"ಲೇ, ಇಲ್ಲಿ ನೋಡು. 'ಅರ್ಜಿದಾರರ ವೃತ್ತಿ: ಗೃಹಿಣಿ.'"

"ಎಲ್ಲಿ?"

"ಇಲ್ಲೇ. ನಿನ್ನ ಹೆಸರಿನ ಕೆಳಗೆ."

ಮೇಸ್ತ್ರಿಯಕ್ಕ ಆದೇಶ ಕಸಿದುಕೊಂಡು ನೋಡಿದಳು. ಅರ್ಜಿಯಲ್ಲಿ ತನ್ನ ಕೈಯಾರೆ 'ಗಾರೆ ಕೆಲಸ, ಮೇಸ್ತ್ರಿ' ಅಂತ ಬರೆದದ್ದು ಅವಳಿಗೆ ಚೆನ್ನಾಗಿ ನೆನಪಿತ್ತು.

"ಹೋಗ್ಲಿ ಬಿಡೇ, ಕೆಲಸ ಆಯ್ತಲ್ಲ. ಗೃಹ ಅಂತೂ ಕಟ್ಟಿದೀಯ," ಅಂತ ದೊಡ್ಡಕ್ಕ ನಕ್ಕಳು.

ಮರುದಿನ ಹತ್ತು ಗಂಟೆಗೆ ಅವಳು ಕೌಂಟರಿನ ಮುಂದಿದ್ದಳು. ಗುಮಾಸ್ತ ದೂರದಿಂದಲೇ ಗುರುತು ಹಿಡಿದು ಎದ್ದು ನಿಂತ.

"ಇನ್ನೇನಮ್ಮ? ಎಲ್ಲ ಮುಗೀತಲ್ಲ!"

"ಒಂದು ಪದ ತಿದ್ದಬೇಕು ಸಾರ್."

"ಅಯ್ಯೋ, ಅದು ಕಂಪ್ಯೂಟರ್ ತಾನೇ ತಗೊಳ್ಳುತ್ತೆ. ಹೆಂಗಸರು ಅಂತ ಒತ್ತಿದ್ರೆ ಗೃಹಿಣಿ ಅಂತ ಬರುತ್ತೆ. ಅದರಿಂದ ನಿಮಗೇನು ನಷ್ಟ?"

"ನಷ್ಟ ಇದೆಯೋ ಇಲ್ವೋ, ಸುಳ್ಳು ಅದು. ತಿದ್ದೋಕೆ ಅರ್ಜಿ ಬೇಕಾ? ಬೇಕಾದ್ರೆ ತಂದಿದೀನಿ." ಚೀಲದಿಂದ ಕಾಗದ ತೆಗೆದಳು. ಇದನ್ನು ಟೈಪಿಸ್ಟನ ಹತ್ತಿರ ಹೊಡೆಸಿರಲಿಲ್ಲ. ತಾನೇ ಬರೆದಿದ್ದಳು, ದಪ್ಪ ದಪ್ಪ ಅಕ್ಷರದಲ್ಲಿ.

ಗುಮಾಸ್ತ ಓದಿದ. ಅವಳು ಕೌಂಟರಿನ ಅಂಚಿಗೆ ಕೈಯಿಟ್ಟು ನಿಂತದ್ದನ್ನೂ ನೋಡಿದ. ಉಸಿರು ಬಿಟ್ಟು ಮೊಹರು ಎಳೆದುಕೊಂಡ.

'ಗೃಹಿಣಿ' ತೆಗೆದು 'ಮೇಸ್ತ್ರಿ' ಎಂದು ಮಾಡಿದ ತಿದ್ದೋಲೆ ಬರಲು ಹತ್ತೊಂಬತ್ತು ದಿನ ಹಿಡಿಯಿತು.